ಪ್ಲಾಸ್ಟಿಕ್ ಬಿಟ್ಟು ಕಾಗದ ಹಿಡಿದರೆ ಪ್ಯಾಕಿಂಗ್ ಕಸ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಮನೆಯಿಂದಲೇ ಪಿಂಗಾಣಿ ಮಗ್ ಮತ್ತು ಬಟ್ಟೆಯ ಚೀಲಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ರಟ್ಟಿನ ಪೆಟ್ಟಿಗೆ, ಬಬಲ್ ರ‍್ಯಾಪ್, ಪ್ಲಾಸ್ಟಿಕ್ ಕವರ್ ಎಲ್ಲವನ್ನೂ ಬಳಸುತ್ತೇನೆ. ಕಸ ಕಡಿಮೆ ಮಾಡಲು ಎಲ್ಲವನ್ನೂ ಕಾಗದಕ್ಕೆ ಬದಲಾಯಿಸಬೇಕೇ?

ಉತ್ತರ: ಬದಲಾಯಿಸಬಹುದು, ಆದರೆ ಅದು ಎರಡನೆಯ ಹೆಜ್ಜೆ. ಮೊದಲು ನಿಮ್ಮ ಪೆಟ್ಟಿಗೆಯ ಅಳತೆ ನೋಡಿ. ಪೆಟ್ಟಿಗೆ ದೊಡ್ಡದಾದಷ್ಟೂ ಒಳಗಿನ ಖಾಲಿ ಜಾಗ ಹೆಚ್ಚುತ್ತದೆ, ಆ ಜಾಗ ತುಂಬಲೆಂದೇ ಬಬಲ್ ರ‍್ಯಾಪ್ ಮತ್ತು ಕಾಗದ ಖರ್ಚಾಗುತ್ತವೆ. ಅಳತೆ ಸರಿಮಾಡದೆ ಬಬಲ್ ರ‍್ಯಾಪ್ ಬದಲು ಕಾಗದ ತುರುಕಿದರೆ ಕಸದ ಜಾತಿ ಬದಲಾಗುತ್ತದೆಯೇ ಹೊರತು ರಾಶಿ ಕರಗುವುದಿಲ್ಲ.

ಒಂದು ಮಗ್ಗನ್ನೇ ತೆಗೆದುಕೊಳ್ಳೋಣ. ಹಿಡಿಯೂ ಸೇರಿ ಅದು 12 ಸೆಂ.ಮೀ. ಉದ್ದ, 9 ಅಗಲ, 10 ಎತ್ತರ ಇದೆ ಎನ್ನಿ. ಅದನ್ನು 30×20×15 ಅಳತೆಯ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯ ಒಳಜಾಗ 9,000 ಘನ ಸೆಂ.ಮೀ., ಮಗ್ ಹಿಡಿಯುವುದು 1,080 ಮಾತ್ರ. ಉಳಿದ 7,920 ಘನ ಸೆಂ.ಮೀ. ಜಾಗವನ್ನು ನೀವೇ ತುಂಬಬೇಕು. ಸುತ್ತಲೂ ಎರಡೂವರೆ ಸೆಂ.ಮೀ. ಮೆತ್ತೆಗೆ ಜಾಗ ಬಿಟ್ಟು 17×14×15 ಅಳತೆಯ ಪೆಟ್ಟಿಗೆ ತಂದರೆ ತುಂಬಬೇಕಾದ ಜಾಗ 2,490ಕ್ಕೆ ಇಳಿಯುತ್ತದೆ, ಅಂದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ದುಡ್ಡೂ ಉಳಿಯಬಹುದು. ಅನೇಕ ಕೊರಿಯರ್ ಸಂಸ್ಥೆಗಳು ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸಿ ಒಂದು ತೂಕ ಲೆಕ್ಕ ಹಾಕುತ್ತವೆ. ನಿಜವಾದ ತೂಕ ಮತ್ತು ಈ ತೂಕದಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ. ಆ ಲೆಕ್ಕದಲ್ಲಿ ದೊಡ್ಡ ಪೆಟ್ಟಿಗೆ 1.8 ಕೆ.ಜಿ. ತೂಗಿದರೆ ಚಿಕ್ಕದು ಸುಮಾರು 0.7 ಕೆ.ಜಿ. ತೂಗುತ್ತದೆ.

ಹಾಗೆಂದು ಹತ್ತು ಅಳತೆಯ ಪೆಟ್ಟಿಗೆಗಳನ್ನು ತಂದಿಡಬೇಡಿ. ಕಳೆದ ಐವತ್ತು ಆರ್ಡರ್‌ಗಳನ್ನು ಮುಂದಿಟ್ಟುಕೊಂಡು ಯಾವ ವಸ್ತುಗಳು ಒಟ್ಟಿಗೆ ಹೋದವು ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಎರಡು ಅಥವಾ ಮೂರು ಅಳತೆಗಳಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಅಪರೂಪದ ಆರ್ಡರ್‌ಗೆ ದೊಡ್ಡ ಪೆಟ್ಟಿಗೆಯ ಎತ್ತರವನ್ನೇ ಇಳಿಸಿ. ವಸ್ತುವಿನ ಮೇಲೆ ಮೆತ್ತೆಯ ಜಾಗ ಬಿಟ್ಟು ಒಳಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ, ನಾಲ್ಕು ಮೂಲೆಗಳನ್ನೂ ಆ ಗುರುತಿನವರೆಗೆ ಸೀಳಿ. ಗುರುತಿನ ಗೆರೆಯ ಮೇಲೆ ಚಮಚದ ಹಿಡಿಯನ್ನು ಒತ್ತಿ ಎಳೆದರೆ ರಟ್ಟು ಅಲ್ಲೇ ನೇರವಾಗಿ ಮಡಚಿಕೊಳ್ಳುತ್ತದೆ. ಮುಚ್ಚಳದ ಪಟ್ಟಿಗಳು ಉದ್ದವಾಗಿ ಒಂದರ ಮೇಲೊಂದು ಕೂರುತ್ತವೆ, ಮೇಲ್ಭಾಗಕ್ಕೆ ಅದೇ ಬಲ.

ಒಳಗೆ ತುಂಬಲು ಹಳೆಯ ಕಾಗದ ಸಾಕು. ಆದರೆ ಸಡಿಲವಾಗಿ ಮುದುಡಿ ಹಾಕಿದ ಕಾಗದ ದಾರಿಯಲ್ಲಿ ಕುಸಿದು ಮಗ್ ಗೋಡೆಗೆ ತಾಗುತ್ತದೆ, ಆದ್ದರಿಂದ ಬಿಗಿಯಾಗಿ ಹಿಂಡಿ ಉಂಡೆ ಮಾಡಿ. ಹಿಡಿಯ ಒಳಸಂದಿಗೂ ಒಂದು ಸುರುಳಿ ಇಡಿ, ಮೊದಲು ಮುರಿಯುವುದು ಹಿಡಿಯೇ. ಮುಚ್ಚಿದ ಮೇಲೆ ಅಲುಗಾಡಿಸಿ: ಒಳಗೆ ಸರಿದಂತೆ ಅನಿಸಿದರೆ ಇನ್ನಷ್ಟು ಬೇಕು, ಮುಚ್ಚಳ ಉಬ್ಬಿದ್ದರೆ ತುಂಬಿದ್ದು ಹೆಚ್ಚಾಗಿದೆ.

ಹೊಸ ವಿಧಾನವನ್ನು ಗ್ರಾಹಕರ ಮೇಲೆ ಪ್ರಯೋಗಿಸುವ ಮೊದಲು ಒಂದು ಮಗ್ ಪಣಕ್ಕಿಡಿ. ಸುಮಾರು 76 ಸೆಂ.ಮೀ. ಎತ್ತರದಿಂದ, ಅಂದರೆ ಮೇಜಿನ ಎತ್ತರದಿಂದ, ಗಟ್ಟಿ ನೆಲದ ಮೇಲೆ ಹತ್ತು ಸಲ ಬೀಳಿಸಿ: ಒಂದು ಮೂಲೆಯ ಮೇಲೆ, ಆ ಮೂಲೆಗೆ ಸೇರುವ ಮೂರು ಅಂಚುಗಳ ಮೇಲೆ, ಆಮೇಲೆ ಆರು ಮುಖಗಳ ಮೇಲೆ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಒಂದು ಮಗ್ ಒಡೆದರೆ ಮಗ್ಗೂ ಕಸ, ಅದರ ಪೆಟ್ಟಿಗೆಯೂ ಕಸ, ಬದಲಿ ಕಳುಹಿಸಲು ಮತ್ತೊಂದು ಪೆಟ್ಟಿಗೆ. ಹತ್ತಾರು ಪಾರ್ಸೆಲ್‌ಗಳಲ್ಲಿ ಉಳಿಸಿದ ಕಾಗದ ಅಲ್ಲಿಗೆ ಹೋಯಿತು.

ಇನ್ನು ಬಟ್ಟೆಯ ಚೀಲಗಳು. ಇವು ಒಡೆಯುವುದಿಲ್ಲ, ಪೆಟ್ಟಿಗೆಯೇ ಬೇಡ. ಮಡಚಿದ ಚೀಲಕ್ಕೆ ಹೊಂದುವ ಗಟ್ಟಿ ಕಾಗದದ ಲಕೋಟೆ ಸಾಕು. ಮಳೆಯಲ್ಲಿ ನೆನೆಯುವ ಭಯವಿದ್ದರೆ ತೆಳುವಾದ, ಒಂದೇ ಬಗೆಯ ಪ್ಲಾಸ್ಟಿಕ್‌ನ ಕವರನ್ನು ನಾನು ತಪ್ಪೆನ್ನುವುದಿಲ್ಲ. ಪೆಟ್ಟಿಗೆಗಿಂತ ಅದರಲ್ಲಿ ಬಳಕೆಯಾಗುವ ವಸ್ತು ಬಹಳ ಕಡಿಮೆ. ನಾನು ಖಂಡಿತ ಬೇಡ ಎನ್ನುವುದು ಹೊರಗೆ ಕಾಗದ, ಒಳಗೆ ಬಬಲ್ ಅಂಟಿಸಿದ ಲಕೋಟೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ ಅದು ಕಾಗದದ ರದ್ದಿಗೂ ಸೇರುವುದಿಲ್ಲ, ಪ್ಲಾಸ್ಟಿಕ್ ರದ್ದಿಗೂ ಸೇರುವುದಿಲ್ಲ. ‘ಗೊಬ್ಬರವಾಗುತ್ತದೆ’ ಎಂದು ಮಾರುವ ಕವರ್‌ಗಳನ್ನು ಕೊಳ್ಳುವ ಮುನ್ನ ಮನೆಯ ಗುಂಡಿಯಲ್ಲಿ ಕೊಳೆಯುತ್ತವೆಯೋ, ಹೆಚ್ಚಿನ ಶಾಖದ ಕೈಗಾರಿಕಾ ಘಟಕವೇ ಬೇಕೋ ಎಂದು ಕೇಳಿ. ಎರಡನೆಯದಾದರೆ, ಅಂಥ ಘಟಕಕ್ಕೆ ಕಸ ಒಯ್ಯುವ ವ್ಯವಸ್ಥೆ ನಿಮ್ಮ ಗ್ರಾಹಕರ ಊರಿನಲ್ಲಿ ಇಲ್ಲದಿದ್ದರೆ ಹೆಚ್ಚು ಬೆಲೆ ಕೊಟ್ಟು ಕೊಂಡ ಆ ಕವರ್ ಮಾಮೂಲಿ ಕಸದ ರಾಶಿಗೇ ಹೋಗುತ್ತದೆ.