ಎಲ್ಲಾ ಕೆಲಸ ಓನರ್ರೇ ಮಾಡೋ ಶಾಪ್‌ಗೆ ಒಂದು ವಾರದ ಟೈಮ್‌ಟೇಬಲ್

ಪೀಣ್ಯದ ಸಣ್ಣ ಜಾಬ್ ವರ್ಕ್ ಶಾಪ್‌ಗಳಿಗೆ ಹೋದಾಗ ನಾನು ಮೊದಲು ನೋಡೋದು ಮಷೀನ್ ಅಲ್ಲ, ಓನರ್ ಫೋನು. ಮಾತಾಡ್ತಾ ಕೂತಿರೋ ಅರ್ಧ ಗಂಟೇಲಿ ಎಷ್ಟು ಸಲ ಎದ್ದು ಹೋದ್ರು, ಯಾರ್ ಬಂದು ಏನ್ ಕೇಳಿದ್ರು, ಇಷ್ಟು ನೋಡಿದ್ರೆ ಸಾಕು, ಆ ಶಾಪ್ ಹೇಗೆ ನಡೀತಿದೆ ಅಂತ ಗೊತ್ತಾಗತ್ತೆ. ಇವತ್ತು ಹೇಳ್ತಿರೋದು ಅಂಥದ್ದೇ ಒಂದು ಶಾಪ್ ವಿಷಯ. 3 ಸಿಎನ್‌ಸಿ ಲೇತು, 1 ವಿಎಂಸಿ, ಒಬ್ಬ ಸೆಟ್ಟರು, ಆಪರೇಟರ್ಸು, ಹೆಲ್ಪರ್ಸು, ಅಕೌಂಟ್ಸ್ ನೋಡೋ ಒಂದ್ ಹುಡುಗಿ, ಎಲ್ಲಾ ಸೇರಿ 9 ಜನ. ಓನರ್ರು ಬೆಳಿಗ್ಗೆ ಶಟರ್ ತೆಗೆಯೋದ್ರಿಂದ ಹಿಡಿದು ರಾತ್ರಿ ಕೋಟೇಶನ್ ಟೈಪ್ ಮಾಡೋವರೆಗೂ ತಾವೇ.

ಇಂಥವರಿಗೆ "ನೀವು ಮಾಡೋ ಕೆಲಸದ ಲಿಸ್ಟ್ ಬರೀರಿ" ಅಂದ್ರೆ ಉಪಯೋಗ ಇಲ್ಲ, ಪರ್ಚೇಸು, ಇನ್‌ಸ್ಪೆಕ್ಷನ್ನು, ಡಿಸ್ಪ್ಯಾಚು ಅಂತ ದೊಡ್ಡ ದೊಡ್ಡ ಹೆಸರು ಬರೀತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ನಾನು ಒಂದು ವಾರ ಬೇರೆ ಥರ ಬರೆಸ್ತೀನಿ. ಜೇಬಲ್ಲೊಂದು ಚಿಕ್ಕ ನೋಟ್‌ಬುಕ್ ಇಟ್ಕೊಳ್ಳಿ, ಯಾರಾದ್ರೂ ಬಂದು ಏನಾದ್ರೂ ಕೇಳಿದ್ರೆ ಅದನ್ನ ಬರೀರಿ, ಟೈಮು, ಕೇಳಿದವರ ಹೆಸರು, ಪ್ರಶ್ನೆ, ನೀವು ಕೊಟ್ಟ ಉತ್ತರ, ಅಷ್ಟೇ. ಈ ಶಾಪಲ್ಲಿ ವಾರದ ಕೊನೇಲಿ ಪುಟ ತಿರುವಿದ್ರೆ ಮುಕ್ಕಾಲು ಪಾಲು ಮೂರೇ ಪ್ರಶ್ನೆ. "ಸಾರ್, ಫಸ್ಟ್ ಪೀಸ್ ನೋಡ್ತೀರಾ?" "ಇದಾದ್ಮೇಲೆ ಯಾವ ಜಾಬ್ ಹಾಕ್ಲಿ?" "ಇನ್ಸರ್ಟ್ ಖಾಲಿ ಆಯ್ತು, ತರಿಸ್ಲಾ?" ನೋಡಿ, ಕೆಲಸ ಎಲ್ಲಾ ಆಗ್ಲೇ ಬೇರೆಯವರೇ ಮಾಡ್ತಿದಾರೆ, ಓನರ್ ಹತ್ರ ಉಳಿದಿರೋದು ಹೂಂ ಅನ್ನೋದು ಮಾತ್ರ, ಆ ಹೂಂಗೋಸ್ಕರ ಮಷೀನು ಕಾಯ್ತಾ ನಿಂತಿರತ್ತೆ. ಹಾಗಾಗಿ ಹಂಚಬೇಕಾಗಿರೋದು ತೀರ್ಮಾನ.

ಯಾವ ತೀರ್ಮಾನ ಮೊದಲು ಬಿಟ್ಟುಕೊಡ್ಬೇಕು ಅನ್ನೋದಕ್ಕೆ ನಾನು ಎರಡೇ ವಿಷಯ ಕೇಳ್ತೀನಿ, ತಪ್ಪಾದ್ರೆ ಎಷ್ಟು ಹೋಗತ್ತೆ, ತಪ್ಪಾಗಿದೆ ಅಂತ ಯಾವಾಗ ಗೊತ್ತಾಗತ್ತೆ. ಇನ್ಸರ್ಟ್ ತಪ್ಪು ತಂದ್ರೆ ಒಂದು ಬಾಕ್ಸ್ ದುಡ್ಡು, ಅದೂ ಅವತ್ತೇ ಗೊತ್ತಾಗತ್ತೆ, ಅಂಗಡಿಯವನು ವಾಪಸ್ಸೂ ತಗೊಂಡಾನು. ಫಸ್ಟ್ ಪೀಸ್ ತಪ್ಪು ಓಕೆ ಮಾಡಿದ್ರೆ 500 ಪೀಸ್ ಲಾಟ್ ಪೂರ್ತಿ ಸ್ಕ್ರಾಪ್ ಆಗ್ಬಹುದು, ಗೊತ್ತಾಗೋದು ಕಸ್ಟಮರ್ ರಿಜೆಕ್ಟ್ ಮಾಡಿ ಕಳಿಸಿದಾಗ. ಕೋಟೇಶನ್ ತಪ್ಪಾದ್ರಂತೂ ಆರ್ಡರ್ ಮುಗಿಯೋವರೆಗೂ ಗೊತ್ತೇ ಆಗಲ್ಲ, ಮಷೀನ್ ಓಡ್ತಿರತ್ತೆ, ಬಿಲ್ ಆಗ್ತಿರತ್ತೆ, ದುಡ್ಡು ಮಾತ್ರ ಉಳಿಯಲ್ಲ. ಆದ್ರಿಂದ ಮೊದಲು ಸಣ್ಣ ಪರ್ಚೇಸು, ಆಮೇಲೆ ಡಿಸ್ಪ್ಯಾಚ್ ಪೇಪರು, ಆಮೇಲೆ ಜಾಬ್ ಸೀಕ್ವೆನ್ಸು, ಆಮೇಲೆ ಫಸ್ಟ್ ಪೀಸು, ಕೊನೆಗೆ ಕೋಟೇಶನ್ನು. ಬಹಳ ಜನ ಉಲ್ಟಾ ಮಾಡ್ತಾರೆ, ರಾತ್ರಿ ಕೂತು ಕೋಟೇಶನ್ ಮಾಡಿ ಸುಸ್ತಾಗಿರ್ತಾರಲ್ಲ, ಅದನ್ನೇ ಮೊದಲು ಹೊಸ ಹುಡುಗನ ತಲೆಗೆ ಕಟ್ತಾರೆ, ಇನ್ಸರ್ಟ್ ಮಾತ್ರ ತಾವೇ ಗಾಡೀಲಿ ಹೋಗಿ ತರ್ತಾರೆ.

ಪರ್ಚೇಸ್ ಸುಲಭ, ಜಾಸ್ತಿ ಹೇಳಲ್ಲ. ಒಂದು ಬಿಲ್ 5,000 ದಾಟಬಾರದು, ವಾರಕ್ಕೆ ಒಟ್ಟು 12,000 ದಾಟಬಾರದು, ಅದರೊಳಗೆ ಸೆಟ್ಟರ್ ಕೇಳೋ ಹಾಗೇ ಇಲ್ಲ, ಮೀರಿದ್ರೆ ಮಾತ್ರ ಫೋನು. ಡಿಸ್ಪ್ಯಾಚಲ್ಲಿ ಡೆಲಿವರಿ ಚಲನ್ನು, ಇನ್‌ವಾಯ್ಸು, ಮಾಲು 50,000 ದಾಟಿದ್ರೆ ಇ-ವೇ ಬಿಲ್ಲು, ಇಷ್ಟೂ ಅಕೌಂಟ್ಸ್ ಹುಡುಗಿಗೆ. ಬ್ಯಾಂಕ್ ವಿಷಯ ಮಾತ್ರ ಒಂದ್ ಮಾತು, ಓಟಿಪಿ ಹೇಳಿ ಪೇಮೆಂಟ್ ಮಾಡ್ಸೋದು ದಯವಿಟ್ಟು ನಿಲ್ಲಿಸಿ. ಕರೆಂಟ್ ಅಕೌಂಟ್ ನೆಟ್‌ಬ್ಯಾಂಕಿಂಗಲ್ಲಿ ಎಂಟ್ರಿ ಹಾಕೋರೊಬ್ರು, ಅಪ್ರೂವ್ ಮಾಡೋರೊಬ್ರು ಅಂತ ಬೇರೆ ಬೇರೆ ಲಾಗಿನ್ ಮಾಡಿಸ್ಕೋಬಹುದು, ಬ್ರಾಂಚಲ್ಲಿ ಕೇಳಿ. ಎಂಟ್ರಿ ಅವಳದ್ದು, ಅಪ್ರೂವಲ್ ನಿಮ್ಮದು, ಅದನ್ನ ಯಾವತ್ತೂ ಬಿಡಬೇಡಿ.

ಫಸ್ಟ್ ಪೀಸ್ ಬಿಡೋಕೆ ಓನರ್‌ಗಳಿಗೆ ಜೀವ ಬರಲ್ಲ, ಅದಕ್ಕೆ ಕಾರಣಾನೂ ಇದೆ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶಾಫ್ಟ್ ಒಂದು, ಡ್ರಾಯಿಂಗಲ್ಲಿ ಡಯಾ 25 ಎಚ್7 ಅಂತ ಇದೆ ಅಂದ್ಕೊಳ್ಳಿ. ಅಂದ್ರೆ 25.000ರಿಂದ ಕೆಳಗೆ 24.979ರವರೆಗೂ ಓಕೆ, ಒಟ್ಟು 21 ಮೈಕ್ರಾನ್. ಓನರ್ ಮೈಕ್ರೋಮೀಟರ್ ಹಿಡಿದು ನೋಡಿ "ಸರಿ ಇದೆ, ಓಡ್ಸು" ಅಂತಾರೆ. ಅವರ ತಲೇಲಿ ಏನ್ ಲೆಕ್ಕ ನಡೀತು ಅಂತ ಸೆಟ್ಟರ್‌ಗೆ ಗೊತ್ತಿಲ್ಲ. ಆ ಲೆಕ್ಕ ಏನಂದ್ರೆ, ಹೊರಗಡೆ ಡಯಾ ಟರ್ನ್ ಮಾಡ್ತಾ ಹೋದ ಹಾಗೆ ಇನ್ಸರ್ಟ್ ತುದಿ ಸವೆಯತ್ತೆ, ಸವೆದಷ್ಟೂ ಮೆಟೀರಿಯಲ್ ಕಡಿಮೆ ತೆಗೆಯತ್ತೆ, ಡಯಾ ದಪ್ಪ ಆಗ್ತಾ ಹೋಗತ್ತೆ. ಅದಕ್ಕೆ ಫಸ್ಟ್ ಪೀಸನ್ನ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, 24.985 ಹತ್ರ ಇಡ್ಬೇಕು, ಮೇಲಕ್ಕೆ ಹೋಗೋಕೆ ಜಾಗ ಇರತ್ತೆ. 24.998ರಲ್ಲಿ ಶುರು ಮಾಡಿದ್ರೆ ಫಸ್ಟ್ ಪೀಸ್ ಪಾಸೇ, ಆದ್ರೆ ಸ್ವಲ್ಪ ಹೊತ್ತಲ್ಲೇ ಲಿಮಿಟ್ ದಾಟತ್ತೆ.

ಇದನ್ನ ಪೇಪರ್ ಮೇಲೆ ಇಳಿಸ್ಬೇಕು. ಡ್ರಾಯಿಂಗಲ್ಲಿ ಮುಖ್ಯವಾದ ಅಳತೆಗೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಬರೀರಿ: 24.984ರಿಂದ 24.995ರೊಳಗಿದ್ರೆ ನೀನೇ ಓಡ್ಸು, ಅದರಾಚೆ ಹೋಗಿದ್ರೆ, ಲಿಮಿಟ್ ಒಳಗೇ ಇದ್ರೂ ಸರಿ, ಆಫ್‌ಸೆಟ್ ಕೊಟ್ಟು ಇನ್ನೊಂದ್ ಪೀಸ್ ತೆಗಿ, ಮತ್ತೂ ಒಳಗೆ ಬರ್ಲಿಲ್ಲ ಅಂದ್ರೆ ನನ್ನ ಕರಿ. ಆಪರೇಟರ್ ಅಳೆದು ಬರೀತಾನೆ, ಅವನ ರೀಡಿಂಗ್ ನೋಡ್ದೇನೇ ಸೆಟ್ಟರ್ ಇನ್ನೊಂದು ಮೈಕ್ರೋಮೀಟರಲ್ಲಿ ಅಳೆದು ಪಕ್ಕದಲ್ಲಿ ಬರೀತಾನೆ. ಎರಡು ರೀಡಿಂಗ್ ಮಧ್ಯೆ 3 ಮೈಕ್ರಾನ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಪೀಸನ್ನ ಅನುಮಾನ ಪಡೋ ಮೊದಲು ಮೈಕ್ರೋಮೀಟರ್ ಝೀರೋ ನೋಡಿ, ಪೀಸು ಬಿಸಿ ಇದ್ದಾಗ್ಲೇ ಅಳೆದ್ರಾ ಕೇಳಿ.

ಮೊದಲೆರಡು ವಾರ ಸೆಟ್ಟರ್ ತೀರ್ಮಾನ ಬಾಯಲ್ಲಿ ಹೇಳ್ತಾನೆ, ನೀವು ಪಕ್ಕದಲ್ಲಿ ನಿಂತು ಕೇಳ್ತೀರ. ಮುಂದಿನೆರಡು ವಾರ ಅವನೇ ಓಡಿಸ್ತಾನೆ, ನೀವು ಒಂದ್ ಗಂಟೆಯೊಳಗೆ ಶೀಟ್ ನೋಡ್ತೀರ. ಅದಾದ್ಮೇಲೆ ಸಂಜೆ ಯಾವ್ದೋ ಒಂದ್ ಎರಡು ಜಾಬ್ ಎತ್ಕೊಂಡು ನೀವೇ ಅಳೀರಿ, ಯಾವ್ದು ಅಂತ ಮೊದಲೇ ಹೇಳ್ಬೇಡಿ. ಹೊಸ ಡ್ರಾಯಿಂಗು, ಹೊಸ ಕಸ್ಟಮರ್ ಆದ್ರೆ ಫಸ್ಟ್ ಪೀಸ್ ನಿಮ್ಮದೇ, ರಿಪೀಟ್ ಜಾಬ್ ಮಾತ್ರ ಅವನಿಗೆ.

ಈಗ ವಾರ. ಸೋಮವಾರ ಬೆಳಿಗ್ಗೆ 9ರಿಂದ 10 ಬೋರ್ಡ್. ಗೋಡೆ ಮೇಲೊಂದು ವೈಟ್‌ಬೋರ್ಡು, ಅಡ್ಡ ಸಾಲಲ್ಲಿ ದಿನ, ಉದ್ದ ಸಾಲಲ್ಲಿ ಮಷೀನು, ಪ್ರತಿ ಮನೇಲೂ ಯಾವ ಜಾಬು, ಎಷ್ಟು ಪೀಸು, ಯಾವತ್ತು ಹೋಗ್ಬೇಕು. ಬರೆಯೋದು ಸೆಟ್ಟರ್, ನೀವು ಪೆನ್ ಮುಟ್ಟಲೇಬಾರದು, ಮುಟ್ಟಿದ್ರೆ ಅದು ಮತ್ತೆ ನಿಮ್ಮ ಬೋರ್ಡೇ ಆಗತ್ತೆ. "ಇದಾದ್ಮೇಲೆ ಯಾವ್ದು" ಅನ್ನೋ ಪ್ರಶ್ನೆ ಅಲ್ಲಿಗೆ ನಿಲ್ಲತ್ತೆ. ಮಂಗಳವಾರ, ಗುರುವಾರ ಬೆಳಿಗ್ಗೆ 10ರಿಂದ 1 ಕೋಟೇಶನ್ನು, ಮಷೀನ್ ಸದ್ದು ಕೇಳ್ದೇ ಇರೋ ಕಡೆ ಕೂತ್ಕೊಂಡು, ಶಾಪಲ್ಲಿ ಜಾಗ ಇಲ್ಲಾಂದ್ರೆ ಮನೇಲಿ. ಬುಧವಾರ ಮಧ್ಯಾಹ್ನ ಕಸ್ಟಮರ್ ಭೇಟಿ, ಒಂದು ವಾರ ಹಳೇ ಕಸ್ಟಮರ್, ಒಂದು ವಾರ ಹೊಸಬರು. ಶುಕ್ರವಾರ ಅರ್ಧ ದಿನ ಖಾಲಿ ಬಿಡಿ, ಏನೂ ಬರೀಬೇಡಿ, ಯಾಕಂದ್ರೆ ಸ್ಪಿಂಡಲ್ಲೋ ಚಕ್ಕೋ ಏನೋ ಒಂದು ಕೈ ಕೊಟ್ಟೇ ಕೊಡತ್ತೆ, ಆ ವಾರ ತಪ್ಪಿದ ಕೆಲಸ ಎಲ್ಲಾ ಅಲ್ಲಿಗೆ ಬರತ್ತೆ. ಖಾಲಿ ಜಾಗ ಇಲ್ದೇ ಇರೋ ಟೈಮ್‌ಟೇಬಲ್ ಬುಧವಾರಕ್ಕೇ ಮುರಿದು ಬೀಳೋದು ನಾನು ಬೇಕಾದಷ್ಟು ನೋಡಿದೀನಿ. ಶನಿವಾರ 4ರಿಂದ 6 ಪುಸ್ತಕ, ಅಂದ್ರೆ ಫಸ್ಟ್ ಪೀಸ್ ಶೀಟು, ರಿಜೆಕ್ಷನ್ನು, ಪರ್ಚೇಸ್ ಬಿಲ್ಲು, ಬರಬೇಕಾದ ದುಡ್ಡು.

ದಿನಾ ಎರಡು ಹೊತ್ತು, ಬೆಳಿಗ್ಗೆ 9:15ಕ್ಕೆ, ಸಂಜೆ 4:30ಕ್ಕೆ, ಹದಿನೈದ್ ಹದಿನೈದ್ ನಿಮಿಷ ಎಲ್ಲರ ಪ್ರಶ್ನೆ. ಮಧ್ಯದಲ್ಲಿ ಬರೋ ಪ್ರಶ್ನೆ ಬೋರ್ಡ್ ಪಕ್ಕದ ಹಾಳೇಲಿ ಬರೀಬೇಕು. ಮಷೀನ್ ನಿಂತಿದ್ರೆ, ಯಾರಿಗಾದ್ರೂ ಪೆಟ್ಟಾದ್ರೆ, ಕಸ್ಟಮರ್ ಲೈನ್ ನಿಂತಿದೆ ಅಂತ ಫೋನ್ ಬಂದ್ರೆ ಮಾತ್ರ ತಕ್ಷಣ ಕರೀಬಹುದು. ಆ ಹಾಳೇಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಂಡ್ರೆ ಅದಕ್ಕೊಂದು ನಿಯಮ ಬರೆದು ಹಂಚೋ ಟೈಮ್ ಬಂತು ಅಂತ.

ತಿಂಗಳ ತಾರೀಖುಗಳೂ ಇದರೊಳಗೇ ಕೂರ್ಬೇಕು. 7ಕ್ಕೆ ಟಿಡಿಎಸ್, ತಿಂಗಳ ರಿಟರ್ನ್ ಹಾಕೋರಿಗೆ 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ 3ಬಿ. ಎರಡು ದಿನ ಮುಂಚೆ ಹುಡುಗಿ ರೆಡಿ ಮಾಡಿ ಇಡ್ತಾಳೆ, ನೀವು ನೋಡಿ ಅಪ್ರೂವ್ ಮಾಡ್ತೀರ. ವಸೂಲಿಗೂ ಹಾಗೇ ಒಂದು ಗೆರೆ. ಉದ್ಯಮ್ ರಿಜಿಸ್ಟ್ರೇಶನ್ ಇರೋ ಸಣ್ಣ ಯೂನಿಟ್‌ಗೆ ಲಿಖಿತ ಒಪ್ಪಂದ ಇದ್ರೂ 45 ದಿನದೊಳಗೆ ದುಡ್ಡು ಕೊಡ್ಬೇಕು, ಒಪ್ಪಂದ ಇಲ್ಲ ಅಂದ್ರೆ 15 ದಿನ ಅಂತ ಕಾನೂನಿದೆ. 45ರ ಒಪ್ಪಂದ ಇರೋ ಕಡೆ 30ನೇ ದಿನ ಸ್ಟೇಟ್‌ಮೆಂಟ್ ಮೇಲ್, 40ನೇ ದಿನ ಫೋನು, ಎರಡೂ ಅವಳದ್ದೇ. 45 ದಾಟಿದವರ ಹೆಸರು ಮಾತ್ರ ಶನಿವಾರ ನಿಮ್ಮ ಮುಂದೆ ಬರ್ಬೇಕು. ಓನರ್ರೇ ಮೊದಲನೇ ದಿನದಿಂದ ಫೋನ್ ಮಾಡ್ತಿದ್ರೆ ಕೊನೇಲಿ ಗಟ್ಟಿಯಾಗಿ ಕೇಳೋಕೆ ಯಾರೂ ಉಳಿಯಲ್ಲ.

ಕೆಡೋದು ಸಾಮಾನ್ಯವಾಗಿ ಮೂರನೇ ವಾರದಲ್ಲಿ. ಸೆಟ್ಟರ್ ಬಂದು "ಏನ್ ಮಾಡ್ಲಿ ಸಾರ್" ಅಂತಾನೆ, ಓನರ್ ಅಭ್ಯಾಸದಲ್ಲಿ ಉತ್ತರ ಕೊಟ್ಬಿಡ್ತಾರೆ, ಅಲ್ಲಿಗೆ ತೀರ್ಮಾನ ವಾಪಸ್ ಬಂತು. "ನಿಂಗೇನ್ ಅನ್ಸತ್ತೆ, ಶೀಟ್ ಏನ್ ಹೇಳತ್ತೆ" ಅಂತ ಕೇಳಿ ಸುಮ್ನಿರ್ಬೇಕು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಸೆಟ್ಟರ್ ಹಾಕಿದ ಜಾಬನ್ನ ಆಪರೇಟರ್‌ಗಳ ಮುಂದೇನೇ ಇಳಿಸೋದು, ಆಮೇಲೆ ಅವರ್ಯಾರೂ ಸೆಟ್ಟರನ್ನ ಕೇಳಲ್ಲ, ಸೀದಾ ನಿಮ್ಮ ಹತ್ರಾನೇ ಬರ್ತಾರೆ. ಸಂಬಳದ ಮಾತೂ ಇದೆ. ತೀರ್ಮಾನ ಕೊಟ್ಟು ಸಂಬಳ ಹಳೇದೇ ಇಟ್ರೆ ಅವನು ಈ ಅನುಭವ ತಗೊಂಡು ಪಕ್ಕದ ಕ್ರಾಸಲ್ಲಿರೋ ಶಾಪ್‌ಗೆ ಹೋಗ್ತಾನೆ, ಪೀಣ್ಯದಲ್ಲಿ ಒಳ್ಳೇ ಸೆಟ್ಟರ್‌ಗೆ ಕೆಲಸ ಸಿಗೋದು ಕಷ್ಟ ಏನಲ್ಲ. ಎಲ್ಲಾ ಅವನೊಬ್ಬನ ಮೇಲೇ ಹೇರ್ಬೇಡಿ, ಹಿರಿ ಆಪರೇಟರ್ ಒಬ್ಬನಿಗೆ ವಾರದಲ್ಲಿ ಒಂದ್ ದಿನ ಫಸ್ಟ್ ಪೀಸ್ ಕೊಡ್ತಾ ಬನ್ನಿ.

ಇನ್ನು ಕೋಟೇಶನ್. ಇದನ್ನ ಪೂರ್ತಿ ಬಿಡೋಕಾಗಲ್ಲ, ಅರ್ಧ ಬಿಡಬಹುದು. ಸೈಕಲ್ ಟೈಮ್ 4 ನಿಮಿಷ, ಲೋಡಿಂಗ್ 1 ನಿಮಿಷ ಅಂದ್ರೆ ಗಂಟೆಗೆ 12 ಪೀಸ್, ಮಷೀನ್ ರೇಟ್ ಗಂಟೆಗೆ 450 ಇಟ್ಕೊಂಡ್ರೆ ಪೀಸ್‌ಗೆ 37.50. ಅದೇ ಸೈಕಲ್ 3 ನಿಮಿಷ ಅಂತ ಅಂದಾಜು ಮಾಡಿದ್ರೆ ಗಂಟೆಗೆ 15 ಪೀಸ್, 30 ರೂಪಾಯಿಗೆ ಕೋಟ್ ಮಾಡ್ತೀರ, 2,000 ಪೀಸ್ ಆರ್ಡರಲ್ಲಿ 15,000 ಹೋಯ್ತು. ಆ ನಿಮಿಷದ ಅಂದಾಜು ನಿಮಗಿಂತ ಸೆಟ್ಟರ್‌ಗೇ ಚೆನ್ನಾಗಿ ಗೊತ್ತು, ದಿನಾ ಮಷೀನ್ ಮುಂದೆ ನಿಲ್ಲೋನು ಅವನೇ. ಡ್ರಾಯಿಂಗ್ ಹಿಂದೆ ಯಾವ ಮಷೀನು, ಎಷ್ಟು ಸೆಟ್ಟಿಂಗು, ಎಷ್ಟು ನಿಮಿಷ ಅಂತ ಸೋಮವಾರ, ಬುಧವಾರ ಸಂಜೆ ಅವನು ಬರೆದು ಕೊಡ್ಲಿ, ರೇಟು ಮಾರ್ಜಿನ್ನು ಮರುದಿನ ನೀವು ಹಾಕಿ. ಆರ್ಡರ್ ಬಂದ್ಮೇಲೆ ನಿಜವಾಗಿ ಎಷ್ಟು ನಿಮಿಷ ಹಿಡೀತು ಅನ್ನೋದನ್ನೂ ಅದೇ ಹಾಳೆ ಮೇಲೆ ಅವನ ಕೈಯಲ್ಲೇ ಬರೆಸಿ.