ಪಕ್ಷಪಾತವಿಲ್ಲದ ಅಂದಾಜು ಸೋಲುವುದು ಎಲ್ಲಿ?

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂಬುದನ್ನು ಮಿತ್ರರಾಷ್ಟ್ರಗಳ ತಜ್ಞರು ವಶಪಡಿಸಿಕೊಂಡ ಟ್ಯಾಂಕುಗಳ ಕ್ರಮಸಂಖ್ಯೆಗಳಿಂದ ಲೆಕ್ಕ ಹಾಕಿದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1,550 ಇದ್ದರೆ, ಸಂಖ್ಯಾಶಾಸ್ತ್ರದ ಅಂದಾಜು 327; ಯುದ್ಧಾನಂತರ ಸಿಕ್ಕ ಜರ್ಮನ್ ದಾಖಲೆಯಲ್ಲಿ 342 ಇತ್ತು. ಎರಡು ಅಂದಾಜು ಸೂತ್ರಗಳನ್ನು ಹೇಗೆ ತೂಗಿ ನೋಡಬೇಕೆಂದು ಕಲಿಸುವಾಗ ನಾನು ಮೊದಲು ಎತ್ತಿಕೊಳ್ಳುವುದು ಈ ಸಮಸ್ಯೆಯನ್ನೇ.

1ರಿಂದ N ವರೆಗೆ ಕ್ರಮಸಂಖ್ಯೆಯಿರುವ ಟ್ಯಾಂಕುಗಳಲ್ಲಿ ಯಾದೃಚ್ಛಿಕವಾಗಿ ಐದು ಸಿಕ್ಕಿವೆ ಎನ್ನಿ. ಅವುಗಳ ಸರಾಸರಿಯನ್ನು ಇಮ್ಮಡಿಗೊಳಿಸಿ ಒಂದನ್ನು ಕಳೆಯುವುದು ಮೊದಲ ಸೂತ್ರ. ಸಿಕ್ಕ ಅತಿ ದೊಡ್ಡ ಸಂಖ್ಯೆಯನ್ನೇ N ಎಂದುಕೊಳ್ಳುವುದು ಎರಡನೆಯದು. ಮಾದರಿಯನ್ನು ಮತ್ತೆ ಮತ್ತೆ ಆರಿಸಿದರೆ ಮೊದಲನೆಯದರ ಸರಾಸರಿ ಸರಿಯಾಗಿ N ಗೆ ಬಂದು ನಿಲ್ಲುತ್ತದೆ, ಆದ್ದರಿಂದ ಅದಕ್ಕೆ ಪಕ್ಷಪಾತವಿಲ್ಲ. ಎರಡನೆಯದು N ಅನ್ನು ಎಂದೂ ಮೀರಲಾರದು, ಹಾಗಾಗಿ ಅದು ಸದಾ ಕಡಿಮೆಯ ಕಡೆಗೇ ವಾಲುತ್ತದೆ. ಇಷ್ಟು ಕೇಳಿದೊಡನೆ ವಿದ್ಯಾರ್ಥಿಗಳು ಎರಡನೆಯದನ್ನು ತಳ್ಳಿಹಾಕಿಬಿಡುತ್ತಾರೆ.

ಆದರೆ ನಮ್ಮ ಕೈಯಲ್ಲಿರುವುದು ಒಂದೇ ಮಾದರಿ. ಆ ಒಂದು ಅಂದಾಜು ನಿಜದಿಂದ ಎಷ್ಟು ದೂರ ಬೀಳಬಹುದು ಎಂಬುದನ್ನು ಅಳೆಯುವುದು ಸರಾಸರಿ ವರ್ಗ ದೋಷ:

MSE = (ಪಕ್ಷಪಾತ)² + ವೇರಿಯನ್ಸ್

ಮಾದರಿಯಿಂದ ಮಾದರಿಗೆ ಅಂದಾಜು ಎಷ್ಟು ಚದುರುತ್ತದೆ ಎಂಬುದರ ಅಳತೆಯೇ ವೇರಿಯನ್ಸ್. N = 100 ಎಂದಿಟ್ಟು ಲೆಕ್ಕ ಮಾಡಿದರೆ, ಮೊದಲ ಸೂತ್ರದ ಪಕ್ಷಪಾತ ಸೊನ್ನೆ, ವೇರಿಯನ್ಸ್ ಸುಮಾರು 640, ಆದ್ದರಿಂದ MSE ಕೂಡ 640. ಗರಿಷ್ಠ ಸಂಖ್ಯೆಯ ಸೂತ್ರ ಸರಾಸರಿಯಲ್ಲಿ 84.2 ಕೊಡುತ್ತದೆ, 15.8ರಷ್ಟು ಕೊರತೆಯ ವರ್ಗ ಸುಮಾರು 251, ವೇರಿಯನ್ಸ್ 190, ಒಟ್ಟು 441. ವಾಲಿಕೆಯಿದ್ದರೂ ಗೆದ್ದದ್ದು ಅದೇ.

ಹೀಗಾಗುವ ಕಾರಣ ಒಂದು ಮಾದರಿಯಲ್ಲೇ ಕಾಣುತ್ತದೆ. 8, 15, 22, 31, 79 ಸಿಕ್ಕಿದ್ದರೆ ಸರಾಸರಿ 31, ಮೊದಲ ಸೂತ್ರದ ಉತ್ತರ 61. ಆದರೆ 79ನೆಯ ಟ್ಯಾಂಕ್ ಕಣ್ಣೆದುರಿಗೇ ನಿಂತಿದೆ! ಸಣ್ಣ ಸಂಖ್ಯೆಗಳು ಎಲ್ಲಿ ಬಿದ್ದಿವೆ ಎಂಬುದು ಮೇಲಿನ ಅಂಚಿನ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಸರಾಸರಿ ಮಾತ್ರ ಅವುಗಳ ಏರಿಳಿತವನ್ನೆಲ್ಲ ಹೊತ್ತು ತರುತ್ತದೆ.

ಗರಿಷ್ಠದ ಕೊರತೆ ಎಷ್ಟೆಂದು ತಿಳಿದಿರುವುದರಿಂದ ಅದನ್ನು ತುಂಬಿಕೊಡಲೂ ಬಹುದು. ಗರಿಷ್ಠವನ್ನು 6/5ರಿಂದ ಗುಣಿಸಿ ಒಂದನ್ನು ಕಳೆದರೆ ಪಕ್ಷಪಾತ ಸೊನ್ನೆಯಾಗುತ್ತದೆ. ಮೇಲಿನ ಮಾದರಿಗೆ ಅಂದಾಜು 93.8. ಹಿಗ್ಗಿಸಿದ್ದರಿಂದ ವೇರಿಯನ್ಸ್ 190ರಿಂದ 274ಕ್ಕೆ ಏರುತ್ತದೆ, ಆದರೂ MSE 441ರಿಂದ 274ಕ್ಕೆ ಇಳಿಯುತ್ತದೆ. ಎಲ್ಲ ಸಮಸ್ಯೆಗಳಲ್ಲೂ ತಿದ್ದುಪಡಿ ಇಷ್ಟು ಅಗ್ಗವಾಗಿ ಸಿಗುವುದಿಲ್ಲ. ಕೆಲವೆಡೆ ಪಕ್ಷಪಾತವನ್ನು ತೆಗೆಯಹೋಗಿ ವೇರಿಯನ್ಸ್ ಅದಕ್ಕಿಂತ ಹೆಚ್ಚು ಬೆಳೆದು MSE ಏರುವುದುಂಟು.

ಈ ಅಂಕಿಗಳೆಲ್ಲ ಎರಡು ಊಹೆಗಳ ಮೇಲೆ ನಿಂತಿವೆ: ಕ್ರಮಸಂಖ್ಯೆಗಳಲ್ಲಿ ಬಿಡುವಿಲ್ಲ, ಯಾವ ಟ್ಯಾಂಕ್ ಸಿಗುವ ಸಾಧ್ಯತೆಯೂ ಸಮಾನ. ಓದುವಾಗಿನ ತಪ್ಪು ಕೂಡ ಇಲ್ಲಿ ಲೆಕ್ಕಕ್ಕೆ ಬಂದಿಲ್ಲ. 79ನ್ನು ಯಾರಾದರೂ 179 ಎಂದು ಬರೆದುಕೊಂಡರೆ ಸರಾಸರಿಯ ಸೂತ್ರ 40ರಷ್ಟು ಜಿಗಿಯುತ್ತದೆ, ತಿದ್ದಿದ ಗರಿಷ್ಠದ ಸೂತ್ರ 120ರಷ್ಟು. ಅದಕ್ಕೇ ನಾನು ಅತಿ ದೊಡ್ಡ ಸಂಖ್ಯೆಯನ್ನು ಮೂಲ ದಾಖಲೆಯಲ್ಲಿ ಇನ್ನೊಮ್ಮೆ ನೋಡದೆ ಈ ಸೂತ್ರವನ್ನು ಬಳಸುವುದಿಲ್ಲ.