‘ದುಡ್ಡು ಬಂದಿಲ್ಲ ಮಾರಾಯ್ರೇ’ ಅಂದಾಗ ಏನು ಬರೆಯಬೇಕು?

ಬದಿಯಡ್ಕ ಕಡೆಯ ಒಂದು ಗೇರುಬೀಜದ ಕಾರ್ಖಾನೆಯ ಲೆಕ್ಕ ನಾನು ನೋಡುತ್ತೇನೆ. ಅಲ್ಲಿನ ಯಂತ್ರಗಳ ರಿಪೇರಿ ಮಾಡುವುದು ಮಂಗಳೂರಿನ ಒಂದು ವರ್ಕ್‌ಶಾಪ್. 2025ರ ಜುಲೈ 4ರಂದು ಅವರಿಂದ ಮೇಲ್ ಬಂತು. ಬಾಕಿ 2,22,500 ರೂಪಾಯಿ, ಏಪ್ರಿಲ್‌ನಿಂದ ಒಂದು ಪೈಸೆಯೂ ಬಂದಿಲ್ಲ, ಕೂಡಲೇ ಕಳಿಸಿ ಅಂತ. ಅರ್ಧ ಗಂಟೆಯಲ್ಲಿ ಫೋನೂ ಬಂತು, ‘ದುಡ್ಡು ಬಂದೇ ಇಲ್ಲ ಮಾರಾಯ್ರೇ!’

ನಮ್ಮ ಲೆಡ್ಜರ್ ಬೇರೆಯೇ ಹೇಳುತ್ತಿತ್ತು. ನಾವು ಕೊಡುವುದು ಏನೂ ಇಲ್ಲ, ಅವರೇ ನಮಗೆ 11,800 ಕೊಡಬೇಕು. ಎರಡೂ ಲೆಕ್ಕಕ್ಕೆ 2,34,300 ರೂಪಾಯಿ ಅಂತರ.

ಕಾರ್ಖಾನೆಯ ಹುಡುಗ ಆಗಲೇ ಉತ್ತರ ಟೈಪ್ ಮಾಡಿದ್ದ: ‘ಜೂನ್‌ನಲ್ಲೇ ಕಳಿಸಿದ್ದೇವೆ, ನಿಮ್ಮ ಬ್ಯಾಂಕಲ್ಲಿ ನೋಡಿ. ಉಳಿದ ಬಾಕಿ ಬೇಗ ಕೊಡುತ್ತೇವೆ.’ ಜೊತೆಗೆ ಮೊಬೈಲ್ ಸ್ಕ್ರೀನ್‌ಶಾಟ್. ಇದನ್ನು ಕಳಿಸಬೇಡ ಅಂದೆ. ಮೊದಲ ಸಾಲಿನಿಂದ ಅವರಿಗೆ ಏನೂ ಸಿಗುವುದಿಲ್ಲ. ಎರಡನೆಯದರಿಂದ ನಮಗೇ ಪೆಟ್ಟು. ಯಾವ ಬಾಕಿ, ಎಷ್ಟು ಅಂತ ತಿಳಿಯದೆ ‘ಉಳಿದ ಬಾಕಿ’ ಅಂತ ಬರೆದರೆ ಅವರು ಹೇಳಿದ ಮೊತ್ತವನ್ನೇ ಒಪ್ಪಿಕೊಂಡ ಹಾಗೆ. ಸಾಲ ಉಂಟು ಅಂತ ಬರೆದು ಸಹಿ ಹಾಕಿದರೆ ವಸೂಲಿಯ ಮೂರು ವರ್ಷದ ಅವಧಿ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಒಪ್ಪದ ಲೆಕ್ಕಕ್ಕೆ ಆ ಮಾತು ಬೇಡ.

ಬರೆಯುವ ಮೊದಲು ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಾವತಿ ದಿನದಿಂದ ಇವತ್ತಿನವರೆಗೆ ನೋಡಬೇಕು. ಡೆಬಿಟ್ ಆದದ್ದನ್ನು ನೋಡಿ ನಿಲ್ಲಿಸಬಾರದು. ಖಾತೆ ನಂಬರ್ ತಪ್ಪಿದ್ದರೆ ನೆಫ್ಟ್ ದುಡ್ಡು ವಾಪಸ್ ಬಂದು ಕೂತಿರಬಹುದು, ನಾವು ‘ಕಳಿಸಿಯಾಗಿದೆ’ ಅಂತ ಜಗಳ ಮಾಡುತ್ತಿರುತ್ತೇವೆ. ನಮ್ಮದು ವಾಪಸ್ ಬಂದಿರಲಿಲ್ಲ. ಜೂನ್ 12ರಂದು 1,85,600 ಹೋಗಿತ್ತು, ಅವರದೇ ಖಾತೆಗೆ.

ಹಾಗಾದರೆ ಅವರಿಗೆ ಯಾಕೆ ಕಾಣಲಿಲ್ಲ? ಅವರು ಹುಡುಕಿದ್ದು ಬಿಲ್ಲಿನ ಮೊತ್ತವನ್ನು. 118ನೇ ಬಿಲ್ 1,18,000. ಅಂದರೆ ಕೆಲಸದ ಒಂದು ಲಕ್ಷ, ಐಜಿಎಸ್‌ಟಿ 18,000. 126ನೇ ಬಿಲ್ 70,800, ಅದರಲ್ಲಿ ಕೆಲಸದ್ದು 60,000. ನಾವು ಎರಡನ್ನೂ ಒಂದೇ ಸಲ ಕಟ್ಟಿದ್ದೆವು, ಟಿಡಿಎಸ್ ಕಳೆದು, ಅಂದರೆ ಅವರ ಆದಾಯ ತೆರಿಗೆಯ ಲೆಕ್ಕಕ್ಕೆ ಸರ್ಕಾರಕ್ಕೆ ಕಟ್ಟಲು ನಾವೇ ಹಿಡಿಯುವ ಪಾಲು ತೆಗೆದು. ಆ ವರ್ಕ್‌ಶಾಪ್ ಪಾಲುದಾರಿಕೆ ಸಂಸ್ಥೆ, ಆದ್ದರಿಂದ ರಿಪೇರಿ ಗುತ್ತಿಗೆಗೆ ಶೇಕಡಾ 2. ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಕೆಲಸದ ಮೊತ್ತಕ್ಕೆ ಮಾತ್ರ. 1,60,000ಕ್ಕೆ 3,200. ಅವರ ಬ್ಯಾಂಕಿನಲ್ಲಿ 1,18,000ವೂ ಇಲ್ಲ, 70,800ವೂ ಇಲ್ಲ. ಯಾರದೋ 1,85,600 ಅಂತ ಸಸ್ಪೆನ್ಸ್ ಖಾತೆಗೆ ಹಾಕಿ ಬಿಟ್ಟಿದ್ದರು. ದುಡ್ಡು ಕಳಿಸಿದ ದಿನವೇ ಬಿಲ್‌ವಾರು ವಿವರ ಕಳಿಸದ್ದು ನಮ್ಮ ತಪ್ಪು, ಅದನ್ನು ಒಪ್ಪಬೇಕು.

ಕೊನೆಗೆ ಕಳಿಸಿದ ಉತ್ತರದ ಮೊದಲ ಭಾಗ ಹೀಗಿತ್ತು:

‘ಮಾನ್ಯರೇ, ಜುಲೈ 4ರ ನಿಮ್ಮ ಮೇಲ್ ಸಿಕ್ಕಿತು. ನಿಮ್ಮ 118 ಮತ್ತು 126ನೇ ಬಿಲ್ಲುಗಳಿಗೆ 12-06-2025ರಂದು ನೆಫ್ಟ್ ಮೂಲಕ 1,85,600 ರೂ. ಒಂದೇ ಮೊತ್ತವಾಗಿ ಕಳಿಸಿದ್ದೇವೆ. ಯುಟಿಆರ್ ನಂಬರ್ ಮತ್ತು ನಿಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ ಕೆಳಗಿವೆ. 118ನೇ ಬಿಲ್ 1,18,000, ಟಿಡಿಎಸ್ 2,000, ಕಳಿಸಿದ್ದು 1,16,000. 126ನೇ ಬಿಲ್ 70,800, ಟಿಡಿಎಸ್ 1,200, ಕಳಿಸಿದ್ದು 69,600. ಟಿಡಿಎಸ್ ಸರ್ಕಾರಕ್ಕೆ ಕಟ್ಟಿಯಾಗಿದೆ. ಈ ತ್ರೈಮಾಸಿಕದ ರಿಟರ್ನ್ ಜುಲೈ 31ರೊಳಗೆ ಸಲ್ಲಿಸುತ್ತೇವೆ. ಅದಾದ ಮೇಲೆ ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಸರ್ಟಿಫಿಕೇಟ್ ಆಗಸ್ಟ್ 15ರೊಳಗೆ ಕೊಡುತ್ತೇವೆ.’

ಯುಟಿಆರ್ ಅಂದೆ. ಪ್ರತಿ ಪಾವತಿಗೂ ಇರುವ, ಎರಡೂ ಬ್ಯಾಂಕಿಗೆ ತಿಳಿಯುವ ಗುರುತಿನ ನಂಬರ್ ಅದು. ಅದು ನೆಫ್ಟ್‌ನಲ್ಲಿ 16 ಅಕ್ಷರ-ಅಂಕಿಗಳದ್ದು, ಆರ್‌ಟಿಜಿಎಸ್‌ನಲ್ಲಿ 22. ಆ್ಯಪ್ ತೋರಿಸುವ ಟ್ರಾನ್ಸಾಕ್ಷನ್ ಐಡಿ ಎಷ್ಟೋ ಸಲ ನಮ್ಮ ಬ್ಯಾಂಕಿನ ಒಳಗಿನ ನಂಬರ್ ಮಾತ್ರ, ಅದರಿಂದ ಅವರ ಬ್ಯಾಂಕ್ ಏನೂ ಹುಡುಕಲಾರದು. ಹುಡುಗನ ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು ಅದೇ. ನಂಬರನ್ನು ಕೈಯಲ್ಲಿ ಹೊಡೆಯದೆ ಸ್ಟೇಟ್‌ಮೆಂಟಿನಿಂದ ಕಾಪಿ ಮಾಡಿ. ಸೊನ್ನೆಯೋ ಓ ಅಕ್ಷರವೋ ಅಂತ ತಲೆ ಕೆಡಿಸಿಕೊಂಡವರು ಜಾಸ್ತಿ. ಇಡೀ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸುವುದೂ ಬೇಡ, ನಮ್ಮ ಬೇರೆ ವ್ಯವಹಾರ ಅವರಿಗೆ ಯಾಕೆ?

ಇಲ್ಲಿಗೆ 1,88,800 ರೂಪಾಯಿ ಅಂತರ ಕರಗಿತು. ಉಳಿದದ್ದು 45,500. ಅದು ಪಾವತಿಯ ವಿಷಯವೇ ಅಲ್ಲ, ಒಪ್ಪದ ನಮೂದುಗಳದ್ದು. ಈ ಎರಡನ್ನು ಬೆರೆಸಿದರೆ ಕಳಿಸಿದ ದುಡ್ಡೂ ತಕರಾರಿನಲ್ಲಿ ಇದ್ದ ಹಾಗೆ ಕಾಣುತ್ತದೆ. ಅದಕ್ಕೇ ಎರಡನೇ ಭಾಗವನ್ನು ಬೇರೆಯಾಗಿಯೇ ಬರೆದೆವು:

‘ಕೆಳಗಿನ ಮೂರು ನಮೂದುಗಳು ನಮ್ಮ ಪುಸ್ತಕಕ್ಕೆ ತಾಳೆಯಾಗುತ್ತಿಲ್ಲ. 24-05-2025ರ 139ನೇ ಬಿಲ್, 29,500: ಈ ಬಿಲ್ ನಮಗೆ ಬಂದಿಲ್ಲ, ಜಿಎಸ್‌ಟಿಆರ್-2ಬಿಯಲ್ಲೂ ಇಲ್ಲ. ಬಿಲ್ಲಿನ ಪ್ರತಿ ಮತ್ತು ನಮ್ಮವರು ಸಹಿ ಹಾಕಿದ ಜಾಬ್ ಕಾರ್ಡ್ ಕಳಿಸಿ. ನಮ್ಮ ಡೆಬಿಟ್ ನೋಟ್, 11,800: ನಿಮ್ಮ ಲೆಕ್ಕದಲ್ಲಿ ಇದಕ್ಕೆ ಕ್ರೆಡಿಟ್ ಕಾಣುತ್ತಿಲ್ಲ. ಆರಂಭದ ಶಿಲ್ಕು 4,200: ಇದರ ವಿವರ ಬೇಕು. 01-04-2024ರಿಂದ ಇಂದಿನವರೆಗಿನ ನಿಮ್ಮ ಲೆಡ್ಜರನ್ನು ಬಿಲ್‌ವಾರು ಕಳಿಸಿ. ನಮ್ಮದನ್ನು ಇದರೊಂದಿಗೆ ಇಟ್ಟಿದ್ದೇವೆ. ತಾಳೆಯಾಗುವ ತನಕ ಈ ಮೂರರ ವಿಷಯದಲ್ಲಿ ನಿಮ್ಮ ಲೆಕ್ಕವನ್ನು ನಾವು ಒಪ್ಪಿದ ಹಾಗೆ ಅಲ್ಲ.’

ಹಿಂದಿನ ವರ್ಷದಿಂದ ಲೆಡ್ಜರ್ ಕೇಳಿದ್ದು ಆ 4,200ಕ್ಕಾಗಿ. ಈ ವರ್ಷದ್ದು ಮಾತ್ರ ಕೇಳಿದರೆ ‘ಹಳೆ ಬಾಕಿ’ ಅನ್ನುವ ಒಂದೇ ಸಾಲು ಬರುತ್ತದೆ, ಅದರ ಬೇರು ಸಿಗುವುದಿಲ್ಲ. ಮೊತ್ತ ನೋಡಿದಾಗಲೇ ನನಗೊಂದು ಅನುಮಾನ ಇತ್ತು. 4,200 ಅಂದರೆ 2,10,000ದ ಶೇಕಡಾ 2. ಫೆಬ್ರವರಿಯಲ್ಲಿ ಅಷ್ಟು ದೊಡ್ಡ ಕೆಲಸ ಒಂದಿತ್ತು. ಅದರ ಟಿಡಿಎಸ್ ಅನ್ನು ಅವರು ಬರೆದುಕೊಂಡಿರಲಿಲ್ಲ. ಬಿಡಿಸಲಾಗದ ಸಣ್ಣ ಬಾಕಿ ಕಂಡರೆ 50ರಿಂದ ಗುಣಿಸಿ ನೋಡಿ, ಕೆಲಸದ ಬಿಲ್ ಆದರೆ ಅಲ್ಲೇ ಸಿಕ್ಕಿಬಿಡುತ್ತದೆ.

ಮಾರುವವರು ಹಾಕಿದ ಜಿಎಸ್‌ಟಿ ರಿಟರ್ನಿನಿಂದ ನಮ್ಮ ಹೆಸರಿಗೆ ಬರುವ ಬಿಲ್ಲುಗಳ ಪಟ್ಟಿಯೇ 2ಬಿ. ಅದರಲ್ಲಿ ಇಲ್ಲ ಅನ್ನುವುದೊಂದೇ ಬಿಲ್ ಸುಳ್ಳು ಅನ್ನುವುದಕ್ಕೆ ಸಾಕ್ಷಿಯಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರ ಬಿಲ್ ತಡವಾಗಿ ಬರಬಹುದು. ಇವರು ಪ್ರತಿ ತಿಂಗಳು ಹಾಕುವವರು, 118 ಮತ್ತು 126 ಬಂದಿದ್ದವು. ಹಾಗಾಗಿ ಕೇಳಲು ಧೈರ್ಯ ಇತ್ತು. ಲೆಡ್ಜರ್ ಬಂದ ಮೇಲೆ ತಿಳಿಯಿತು, 139ನೇ ಬಿಲ್ ಕುಂಬಳೆಯ ಇನ್ನೊಬ್ಬ ಗಿರಾಕಿಯದು. ಹೆಸರಿನ ಮೊದಲ ಪದ ಒಂದೇ.

ಡೆಬಿಟ್ ನೋಟಿನದು ಸ್ವಲ್ಪ ಕಷ್ಟ. ನಿಮ್ಮ ಬಿಲ್ಲಿನಲ್ಲಿ ಇಷ್ಟು ಕಡಿತ ಅಂತ ನಾವು ಬರೆದು ಕೊಟ್ಟ ಚೀಟಿ ಅದು. 126ನೇ ಬಿಲ್ಲಿನ ಒಂದು ಕೆಲಸ ವಾರದೊಳಗೆ ಕೆಟ್ಟಿತ್ತು. ಅದಕ್ಕೆ 10,000, ಮೇಲೆ ತೆರಿಗೆ 1,800. ನಾವು ಎಷ್ಟು ಡೆಬಿಟ್ ನೋಟ್ ಬರೆದರೂ ಅವರ ಜಿಎಸ್‌ಟಿ ಕಡಿಮೆಯಾಗುವುದಿಲ್ಲ, ಅದಕ್ಕೆ ಅವರೇ ಕ್ರೆಡಿಟ್ ನೋಟ್ ಕೊಡಬೇಕು. ಅದೂ ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ತೋರಿಸಬೇಕು. ಅವರು ಕೊಟ್ಟಾಗ ನಾವು ಪಡೆದ 1,800ರ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕು. ತಡವಾದರೆ ಅವರು 10,000 ಮಾತ್ರ ಬಿಡುತ್ತಾರೆ, 1,800ಕ್ಕೆ ಹೊಸ ಜಗಳ.

ಒಂದು ನಮ್ಮ ಅದೃಷ್ಟ. ಕೆಲಸ ಕೆಟ್ಟಿದ್ದನ್ನು ಫೋರ್‌ಮ್ಯಾನ್ ಫೋನಿನಲ್ಲಿ ಹೇಳಿ ಸುಮ್ನೆ ಕೂರದೆ ಆ ವಾರವೇ ಮೇಲ್ ಮಾಡಿದ್ದ. ಮಾರುವವರು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕವಾದರೆ, ಕೆಲಸ ಮುಗಿಸಿ ಕೊಟ್ಟ 15 ದಿನದೊಳಗೆ ಬರಹದಲ್ಲಿ ತಕರಾರು ಹೇಳದಿದ್ದರೆ ಕೆಲಸ ಒಪ್ಪಿದ ಹಾಗೆ ಆಗುತ್ತದೆ, ಪಾವತಿಯ ಗಡುವೂ ಕೆಲಸ ಕೊಟ್ಟ ದಿನದಿಂದಲೇ ಓಡುತ್ತದೆ.

ಉತ್ತರ ಹೋಗಿ ಒಂಬತ್ತನೇ ದಿನಕ್ಕೆ ಲೆಡ್ಜರ್ ಬಂತು, ಅದೇ ತಿಂಗಳು ಕ್ರೆಡಿಟ್ ನೋಟ್. 11,800ನ್ನು ಮುಂದಿನ ಬಿಲ್ಲಿಗೆ ಹೊಂದಿಸಿಕೊಂಡೆವು. ಎರಡೂ ಕಡೆಯವರು ಒಂದೇ ಶಿಲ್ಕು ಬರೆದ ಹಾಳೆಗೆ ಸಹಿ ಹಾಕಿದರು. ಆ ಹಾಳೆಯ ಪ್ರತಿಯನ್ನು ವರ್ಷದ ಆಡಿಟ್ ಫೈಲಿಗೆ ಸೇರಿಸಿದ್ದೇನೆ. ಹುಡುಗ ಈಗ ದುಡ್ಡು ಕಳಿಸಿದ ದಿನವೇ ಬಿಲ್‌ವಾರು ವಿವರ ಮೇಲ್ ಮಾಡುತ್ತಾನೆ.